ನೆಗೆಟಿವ್ ಮೇಲೆ ಬರೆದ ಮೋಡ

1856-57ರ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲಿ ಒಂದು ದೊಡ್ಡ ಪ್ರಿಂಟಿಂಗ್ ಕೆಲಸ ನಡೀತಾ ಇತ್ತು. ಮಾಡಿಸ್ತಾ ಇದ್ದವನು ಕ್ಯಾಪ್ಟನ್ ಲಿನೇಯಸ್ ಟ್ರೈಪ್, ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ಅಧಿಕಾರಿ. ಹಿಂದಿನ ವರ್ಷ ಬ್ರಿಟಿಷ್ ನಿಯೋಗವೊಂದರ ಜೊತೆ ಬರ್ಮಾಕ್ಕೆ ಹೋಗಿ ಇನ್ನೂರಕ್ಕೂ ಹೆಚ್ಚು ಫೋಟೋ ತೆಗೆದು ತಂದಿದ್ದ. ಅದರಲ್ಲಿ 120 ಆರಿಸಿ, ಒಂದೊಂದಕ್ಕೂ 50 ಪ್ರತಿ. ಅಂದ್ರೆ ಒಟ್ಟು 6,000 ಪ್ರಿಂಟ್. ಆಗ ಎನ್‌ಲಾರ್ಜರ್ ಇರಲಿಲ್ಲ, ಕರೆಂಟೂ ಇರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ ದೊಡ್ಡದು. ಎರಡನ್ನೂ ಒಂದರ ಮೇಲೊಂದು ಇಟ್ಟು, ಗಾಜಿನ ಚೌಕಟ್ಟಿನಲ್ಲಿ ಬಿಗಿದು, ಬಿಸಿಲಿಗೆ ಇಡಬೇಕು. ಹಪ್ಪಳ ಒಣಗಿಸೋ ಥರ. ಆರು ಸಾವಿರ ಸಲ.

ಆ ಪ್ರಿಂಟುಗಳಲ್ಲಿ ಕೆಲವನ್ನು ಗಮನಿಸಿ ನೋಡಿದರೆ ಪಗೋಡಗಳ ಹಿಂದೆ ಒಳ್ಳೆ ಮೋಡಗಳಿವೆ. ಆ ಮೋಡಗಳು ಬರ್ಮಾದ ಆಕಾಶದಲ್ಲಿ ಇರಲೇ ಇಲ್ಲ. ಟ್ರೈಪ್ ಬ್ರಷ್ಷು ತಗೊಂಡು ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಬರೆದದ್ದು ಅವು.

ಟ್ರೈಪ್ ಕಲಾವಿದ ಅಂತ ಹೇಳಿಕೊಂಡು ತಿರುಗಿದವನಲ್ಲ. ಅವನಿಗೆ ವಹಿಸಿದ್ದ ಕೆಲಸ ದಾಖಲೆಯದ್ದು, ಕಟ್ಟಡ ಹೇಗಿದೆಯೋ ಹಾಗೆ ತೋರಿಸೋದು. ಅಂಥವನು ಮೋಡ ಯಾಕೆ ಬರೆದ? ಇದಕ್ಕೆ ಉತ್ತರ ಹುಡುಕ್ತಾ ಹೋದರೆ, ಫೋಟೋಗ್ರಫಿ ಕಲೆಯೋ ಅಲ್ಲವೋ ಅಂತ ಸುಮಾರು ಅರವತ್ತು ವರ್ಷ ನಡೆದ ಜಗಳದ ಒಳಗೇ ಹೋಗಿ ನಿಲ್ತೀವಿ.

ಮೊದಲು ತಾಂತ್ರಿಕ ಕಾರಣ ನೋಡೋಣ. ಟ್ರೈಪ್ ಬಳಸ್ತಾ ಇದ್ದದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಅದರಲ್ಲಿರೋ ಬೆಳ್ಳಿಯ ಲವಣಕ್ಕೆ ಕಾಣೋದು ನೀಲಿ, ನೇರಳೆ, ಅದರಾಚೆಯ ಅತಿನೇರಳೆ ಬೆಳಕು ಮಾತ್ರ. ಹಸಿರು, ಕೆಂಪು ಅದರ ಪಾಲಿಗೆ ಕತ್ತಲೆ ಇದ್ದ ಹಾಗೆ. ಈಗ ಹಳೇಬೀಡಿನ ದೇವಸ್ಥಾನದ ಎದುರು ಕ್ಯಾಮೆರಾ ಇಟ್ಟಿದ್ದೀರಿ ಅಂದ್ಕೊಳ್ಳಿ. ಕಲ್ಲಿನ ಕೆತ್ತನೆ ನೆಗೆಟಿವ್‌ನಲ್ಲಿ ಮೂಡೋಕೆ ಬಹಳ ಹೊತ್ತು ಬೇಕು. ನೀಲಿ ಆಕಾಶಕ್ಕೆ ಅದರ ಸಣ್ಣ ಪಾಲು ಸಾಕು. ಕಲ್ಲಿಗೆ ಸರಿಯಾಗೋ ತನಕ ಕಾದರೆ ಆಕಾಶ ನೆಗೆಟಿವ್‌ನಲ್ಲಿ ಕಪ್ಪಾಗಿ ಕೂತುಬಿಡುತ್ತೆ, ಪ್ರಿಂಟ್‌ನಲ್ಲಿ ಬರೀ ಬಿಳಿ. ಮೋಡ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅದೂ ಸಮನಾದ ಬಿಳಿ ಬಂದರೆ ಪರವಾಗಿಲ್ಲ. ಕಾಗದದ ನಾರು, ದ್ರಾವಣದ ಏರುಪೇರು ಎಲ್ಲ ಸೇರಿ ಆಕಾಶದ ತುಂಬ ಕಲೆಕಲೆ. ಮಳೆಗೆ ನೆನೆದ ಸುಣ್ಣದ ಗೋಡೆ ಥರ.

ಅದಕ್ಕೆ ಅಂದಿನವರು ಕಂಡುಕೊಂಡಿದ್ದ ಸುಲಭದ ದಾರಿ, ನೆಗೆಟಿವ್‌ನಲ್ಲಿ ಆಕಾಶದ ಭಾಗಕ್ಕೆ ಪೂರ್ತಿ ಕಪ್ಪು ಶಾಯಿ ಬಳಿಯೋದು. ಪ್ರಿಂಟ್‌ನಲ್ಲಿ ಶುಭ್ರ ಬಿಳಿ ಸಿಗುತ್ತೆ. ಟ್ರೈಪ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಆಕಾಶ ಪೂರ್ತಿ ಕಪ್ಪಾಗದೆ ಉಳಿದಿದ್ದ ನೆಗೆಟಿವ್‌ಗಳಲ್ಲಿ, ಮೋಡ ಬೇಕಾದ ಕಡೆ ಮಾತ್ರ ಬಣ್ಣ ಹಚ್ಚಿದ. ಬಣ್ಣ ಇರೋ ಕಡೆ ಬೆಳಕು ದಾಟೋದಿಲ್ಲ, ಹಾಗಾಗಿ ಪ್ರಿಂಟ್‌ನಲ್ಲಿ ಅಲ್ಲಿ ಬೆಳ್ಳಗೆ ಮೋಡ. ಸುತ್ತ ಉಳಿದದ್ದು ಬೂದು ಆಕಾಶ. ಕಪ್ಪಾಗಿ ಕಾಣ್ತಾ ಇದ್ದ ಮರದ ಎಲೆಗಳನ್ನೂ ಅಲ್ಲಲ್ಲಿ ಹೀಗೇ ತಿಳಿಯಾಗಿಸಿದ್ದಾನೆ. ಅವನ ನೆಗೆಟಿವ್‌ಗಳು ಇಂಗ್ಲೆಂಡಿನ ಮ್ಯೂಸಿಯಂಗಳಲ್ಲಿ ಉಳಿದಿರೋದರಿಂದ ಇದು ಊಹೆಯ ಮಾತಲ್ಲ, ಬಣ್ಣ ಇವತ್ತಿಗೂ ಅಲ್ಲೇ ಅಂಟಿಕೊಂಡಿದೆ. ಪ್ರಿಂಟ್‌ನಲ್ಲಿ ಹೇಗೆ ಗೊತ್ತಾಗುತ್ತೆ ಅಂದ್ರೆ, ಕಟ್ಟಡದ ಮೇಲೆ ಬಿಸಿಲು ಒಂದು ಕಡೆಯಿಂದ ಬಿದ್ದಿರುತ್ತೆ, ಮೋಡಕ್ಕೆ ಮಾತ್ರ ಅದರ ಪರಿವೇ ಇರೋದಿಲ್ಲ. ಅಂಚು ಬ್ರಷ್ಷಿನದ್ದು.

ನಾನು ಹಳ್ಳಿಯಲ್ಲಿ ಬೆಳೆದವನು. ನಮ್ಮ ಕಡೆ ತಾಲೂಕಿನ ಸ್ಟುಡಿಯೋದವರು ಮದುವೆ ಹೆಣ್ಣಿನ ಫೋಟೋಗೆ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್‌ನಲ್ಲಿ ಟಚಪ್ ಮಾಡೋರು. ಮೊಡವೆ ಮಾಯ, ಮುಖ ಒಂದು ಸುತ್ತು ಬೆಳ್ಳಗೆ. ಅದನ್ನ ಯಾರೂ ಮೋಸ ಅನ್ನಲಿಲ್ಲ, ಕಲೆ ಅಂತಲೂ ಅನ್ನಲಿಲ್ಲ, 'ಕೈಚಳಕ' ಅಂದ್ರು. ಯುರೋಪಿನವರು ಇದನ್ನ ಇಷ್ಟು ಹಗುರವಾಗಿ ಬಿಡಲಿಲ್ಲ.

ಟ್ರೈಪ್ 1854ರ ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಹೊರಟು ಹಳೇಬೀಡು, ಬೇಲೂರು, ಶ್ರವಣಬೆಳಗೊಳ ಸುತ್ತಿದ್ದ. ಮಾರನೇ ವರ್ಷದ ಮದರಾಸು ಪ್ರದರ್ಶನದಲ್ಲಿ ದೇವಸ್ಥಾನಗಳ 68 ಫೋಟೋ ಇಟ್ಟ. ಅಲ್ಲಿಯವರೆಗೆ ಯಾರೂ ಅವುಗಳ ಫೋಟೋ ತೆಗೆದಿರಲಿಲ್ಲ. ತೀರ್ಪುಗಾರರು ಕಾಗದದ ಮೇಲಿನ ಅತ್ಯುತ್ತಮ ದೃಶ್ಯಮಾಲಿಕೆ ಅಂತ ಪದಕ ಕೊಟ್ಟರು. ಪ್ರದರ್ಶನದ ಹೆಸರಿನಲ್ಲಿ ಕಚ್ಚಾ ವಸ್ತು, ಕಲೆ, ತಯಾರಿಕೆ ಮೂರೂ ಇದ್ದವು, ಹಾಗಾಗಿ ಫೋಟೋ ಇದರಲ್ಲಿ ಯಾವುದು ಅಂತ ಯಾರೂ ಕೇಳಬೇಕಾಗಿ ಬರಲಿಲ್ಲ! ಮದರಾಸಿನಲ್ಲಿ ಕಲಾಶಾಲೆ ಶುರು ಮಾಡಿದ್ದ ಡಾಕ್ಟರ್ ಅಲೆಗ್ಸಾಂಡರ್ ಹಂಟರ್ 1856ರಲ್ಲಿ ಅಲ್ಲಿನ ಫೋಟೋಗ್ರಫಿ ಸೊಸೈಟಿ ಕಟ್ಟೋದರಲ್ಲೂ ಮುಂದೆ ನಿಂತ. ಒಟ್ಟಿನಲ್ಲಿ ನಮ್ಮ ಕಡೆ ಫೋಟೋ ಗಲಾಟೆಯಿಲ್ಲದೆ ಕಲೆಯ ಮನೆಯೊಳಗೆ ಬಂತು.

ಪ್ಯಾರಿಸ್, ಲಂಡನ್‌ಗಳಲ್ಲಿ ಬಾಗಿಲಲ್ಲೇ ತಡೆದರು. ಆಕ್ಷೇಪ ಸರಳವಾಗಿತ್ತು. ಕಲೆ ಅಂದ್ರೆ ಮನುಷ್ಯನ ಕೈ, ಮನುಷ್ಯನ ಕಲ್ಪನೆ. ಕ್ಯಾಮೆರಾ ಒಂದು ಯಂತ್ರ, ಎದುರಿಗಿರೋದನ್ನ ನಕಲು ಮಾಡುತ್ತೆ. ಆರಿಸೋದಿಲ್ಲ, ಬಿಡೋದಿಲ್ಲ, ಸುಧಾರಿಸೋದಿಲ್ಲ. ಫ್ರೆಂಚ್ ಕವಿ ಬೋದಿಲೇರ್ 1859ರ ಕಲಾಪ್ರದರ್ಶನದ ಬಗ್ಗೆ ಬರೆಯುವಾಗ ಇದನ್ನ ಖಾರವಾಗಿಯೇ ಹೇಳಿದ. ಅವನ ಪ್ರಕಾರ ಫೋಟೋಗ್ರಫಿ ಸೋತ ಚಿತ್ರಕಾರರ ಆಶ್ರಯತಾಣ. ಅದು ವಿಜ್ಞಾನಕ್ಕೂ ಕಲೆಗೂ ಆಳಾಗಿ ದುಡಿಯಲಿ, ಕಲ್ಪನೆಯ ಜಾಗಕ್ಕೆ ಕೈಹಾಕಬಾರದು. (ಅದೇ ಬೋದಿಲೇರ್ ತನ್ನ ಫೋಟೋ ತೆಗೆಸಿಕೊಳ್ಳೋಕೆ ಚೆನ್ನಾಗಿಯೇ ಕೂರ್ತಿದ್ದ. ಅವನ ಒಳ್ಳೊಳ್ಳೆ ಫೋಟೋಗಳಿವೆ.)

ಇದು ಬರೀ ಪಂಡಿತರ ಚರ್ಚೆಯಾಗಿದ್ದರೆ ಅಲ್ಲಿಗೇ ಮುಗೀತಿತ್ತು. ಆದರೆ ದುಡ್ಡಿನ ಪ್ರಶ್ನೆ ಬಂತು. ಪ್ಯಾರಿಸ್‌ನಲ್ಲಿ ಮೇಯರ್ ಮತ್ತು ಪಿಯರ್ಸನ್ ಅನ್ನೋರ ಸ್ಟುಡಿಯೋ ಇತ್ತು. ಇಟಲಿಯ ನಾಯಕ ಕವೂರ್‌ನ ಫೋಟೋ ತೆಗೆದಿದ್ದರು, ಚೆನ್ನಾಗಿ ಮಾರಾಟ ಆಗ್ತಿತ್ತು. ಬೇರೆ ಸ್ಟುಡಿಯೋದವರು ಅದನ್ನೇ ನಕಲು ಮಾಡಿ, ಅಲ್ಲಲ್ಲಿ ಸ್ವಲ್ಪ ತಿದ್ದಿ, ತಮ್ಮ ಮಾಲು ಅಂತ ಮಾರೋಕೆ ಶುರು ಮಾಡಿದರು. ಇವರು ಕೋರ್ಟಿಗೆ ಹೋದರು. ಅಂದಿನ ಫ್ರೆಂಚ್ ಕಾನೂನಿನಲ್ಲಿ ಹಕ್ಕು ಸಿಗ್ತಿದ್ದದ್ದು ಕಲಾಕೃತಿಗೆ. ಹಾಗಾಗಿ ನಕಲು ಮಾಡಿದವರ ವಾದ ಒಂದೇ ಸಾಲಿನದ್ದು: ಫೋಟೋ ಕಲೆಯಲ್ಲ, ಯಂತ್ರದ ಉತ್ಪನ್ನ, ಅದರ ಮೇಲೆ ಯಾರಿಗೂ ಹಕ್ಕಿಲ್ಲ. ಫೋಟೋಗ್ರಫಿ ಕಲೆಯೇ ಅಂತ ಮೊದಲು ಬರೆದು ಕೊಡಬೇಕಾಗಿ ಬಂದದ್ದು ವಿಮರ್ಶಕರಲ್ಲ, ಜಡ್ಜುಗಳು.

1862ರ ಜನವರಿಯಲ್ಲಿ ಮೇಯರ್ ಮತ್ತು ಪಿಯರ್ಸನ್ ಸೋತರು. ಏಪ್ರಿಲ್ 10ಕ್ಕೆ ಅಪೀಲಿನಲ್ಲಿ ಗೆದ್ದರು. ಫೋಟೋದಲ್ಲೂ ಆಲೋಚನೆ, ಅಭಿರುಚಿ, ಬುದ್ಧಿ ಕೆಲಸ ಮಾಡಬಹುದು. ಎಲ್ಲಿ ನಿಲ್ಲಬೇಕು, ಬೆಳಕು ನೆರಳು ಹೇಗಿರಬೇಕು, ಮನುಷ್ಯನನ್ನು ಹೇಗೆ ಕೂರಿಸಬೇಕು ಅನ್ನೋದರಲ್ಲಿ ತೆಗೆದವನ ಮನಸ್ಸಿನ ಗುರುತು ಇರಬಹುದು ಅನ್ನೋ ಧಾಟಿ ಅದರದ್ದು. ಕೂಡಲೇ ಆಂಗ್ರ ಮೊದಲಾದ ದೊಡ್ಡ ದೊಡ್ಡ ಚಿತ್ರಕಾರರು ಸಹಿ ಹಾಕಿ ಪ್ರತಿಭಟನೆಯ ಪತ್ರ ಕೊಟ್ಟರು. ವರ್ಷದ ಕೊನೆಯಲ್ಲಿ ಮೇಲಿನ ಕೋರ್ಟೂ ಆ ತೀರ್ಪನ್ನೇ ಎತ್ತಿಹಿಡಿಯಿತು. ಗಮನಿಸಿ, ಕೋರ್ಟು ಬ್ರಷ್ಷಿನ ಬಗ್ಗೆ ಮಾತಾಡಲಿಲ್ಲ. ಆಯ್ಕೆಯ ಬಗ್ಗೆ ಮಾತಾಡಿತು.

ಫೋಟೋಗ್ರಾಫರುಗಳು ಈ ಸುಳಿವು ಹಿಡಿದು ಹೊರಟಿದ್ದರೆ ಚೆನ್ನಾಗಿತ್ತು ಅನ್ನೋದು ನನ್ನ ಅಭಿಪ್ರಾಯ. ಅವರಲ್ಲಿ ಬಹಳ ಜನ ಬೇರೆ ದಾರಿ ಹಿಡಿದರು. ಯಂತ್ರ ಅಂತ ತಾನೇ ಬೈಯೋದು, ನಾವು ಕೈ ತೋರಿಸ್ತೀವಿ ಅಂತ ಹೊರಟರು. ಮುಂದೆ ಪಿಕ್ಟೋರಿಯಲಿಸ್ಟರು ಅಂತ ಹೆಸರಾದವರು ಇವರೇ. ಇದರ ಬೇರಿರೋದೂ ಮತ್ತೆ ಅದೇ ಖಾಲಿ ಆಕಾಶದಲ್ಲಿ.

ಫ್ರಾನ್ಸಿನ ಗುಸ್ತಾವ್ ಲೆಗ್ರೇ 1856-57ರಲ್ಲಿ, ಅಂದ್ರೆ ಟ್ರೈಪ್ ಇಲ್ಲಿ ಮೋಡ ಬರೀತಿದ್ದ ಹೊತ್ತಿಗೇ, ಸಮುದ್ರದ ಕೆಲವು ಚಿತ್ರಗಳಿಗೆ ಎರಡು ನೆಗೆಟಿವ್ ಬಳಸಿದ. ನೀರಿಗೊಂದು, ಆಕಾಶಕ್ಕೊಂದು. ಕ್ಷಿತಿಜದ ಗೆರೆಯಲ್ಲಿ ಜೋಡಿಸಿ ಒಂದೇ ಕಾಗದದ ಮೇಲೆ ಪ್ರಿಂಟ್ ಹಾಕಿದ. ಎರಡು ಜೋಡಿಸಬಹುದಾದರೆ ಐದು ಯಾಕೆ ಬೇಡ? ಇಂಗ್ಲೆಂಡಿನ ರೈಲ್ಯಾಂಡರ್ 1857ರಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ, ಯುವಕರಿಬ್ಬರು ಒಳ್ಳೇ ದಾರಿ ಕೆಟ್ಟ ದಾರಿಗಳ ನಡುವೆ ನಿಂತಿರೋ ಒಂದು ದೊಡ್ಡ ಚಿತ್ರ ಮಾಡಿದ. ವಿಕ್ಟೋರಿಯಾ ರಾಣಿ ಒಂದು ಪ್ರತಿ ಕೊಂಡುಕೊಂಡಳು. ಮಾರನೇ ವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್ ಜೋಡಿಸಿ, ಸಾಯ್ತಾ ಇರೋ ಹುಡುಗಿ, ಪಕ್ಕದಲ್ಲಿ ಮನೆಯವರು, ಕಿಟಕಿಯ ಕಡೆ ತಿರುಗಿ ನಿಂತ ಗಂಡಸು, ಹೀಗೆ ಒಂದು ದೃಶ್ಯ ಕಟ್ಟಿದ.

ರಾಬಿನ್ಸನ್‌ನ ಚಿತ್ರಕ್ಕೆ ಬಂದ ಬೈಗುಳ ತಮಾಷೆಯಾಗಿದೆ. ಸಾಯೋ ಹುಡುಗಿ ಚಿತ್ರಕಲೆಯಲ್ಲಿ ಹೊಸದೇನಲ್ಲ, ಜನ ಕಣ್ಣೀರು ಹಾಕಿ ಮುಂದೆ ಹೋಗ್ತಿದ್ದರು. ಇದು ಫೋಟೋ ಆದ್ದರಿಂದ, ಸಾವನ್ನ ಹೀಗೆ ಇಣುಕಿ ನೋಡೋದೇ ಅಂತ ಕೆಲವರಿಗೆ ಸಿಟ್ಟು. ಹುಡುಗಿ ಆರೋಗ್ಯವಾಗಿದ್ದಾಳೆ, ಎಲ್ಲ ಜೋಡಣೆ ಅಂತ ತಿಳಿದಾಗ, ಮೋಸ ಮಾಡಿದ ಅಂತ ಇನ್ನೂ ಸಿಟ್ಟು. ಬರೀ ಕ್ಯಾಮೆರಾ ಬಳಸಿದರೆ ಕಲೆಯಲ್ಲ, ಕೈ ಹಾಕಿದರೆ ಫೋಟೋ ಅಲ್ಲ. ಮುಂದಿನ ಐವತ್ತು ವರ್ಷ ಈ ಇಕ್ಕಟ್ಟು ಇವರ ಬೆನ್ನು ಬಿಡಲಿಲ್ಲ.

ರಾಬಿನ್ಸನ್ ಹೆದರೋ ಆಸಾಮಿಯಲ್ಲ. ಮೂಲತಃ ಚಿತ್ರಕಾರ. 1869ರಲ್ಲಿ ಪುಸ್ತಕವನ್ನೇ ಬರೆದು, ಚಿತ್ರಕಲೆಯ ಸಂಯೋಜನೆಯ ನಿಯಮಗಳನ್ನೆಲ್ಲ ಫೋಟೋಗ್ರಾಫರುಗಳಿಗೆ ಪಾಠ ಮಾಡಿದ. ಖಾಲಿ ಆಕಾಶಕ್ಕೆ ಬೇರೆ ನೆಗೆಟಿವ್‌ನಿಂದ ಮೋಡ ತರೋದು ಅವನ ಪ್ರಕಾರ ಸುಳ್ಳಲ್ಲ, ಕ್ಯಾಮೆರಾ ಕಳೆದುಹಾಕಿದ್ದನ್ನ ವಾಪಸ್ ತರೋದು. ಸಾರಕ್ಕಿ ಕೆರೆಯ ಏರಿ ಮೇಲೆ ಸಂಜೆ ಮೊಬೈಲ್ ಹಿಡಿದು ನಿಲ್ಲೋರಿಗೆ ಇದು ಅರ್ಥ ಆಗುತ್ತೆ. ಆಕಾಶಕ್ಕೆ ಸರಿಮಾಡಿದರೆ ಜೊಂಡು ಕಪ್ಪು, ಜೊಂಡಿಗೆ ಸರಿಮಾಡಿದರೆ ಆಕಾಶ ಬಿಳಿ. ಈಗ ಫೋನು ತಾನೇ ನಾಲ್ಕಾರು ಫ್ರೇಮ್ ತೆಗೆದು ಹೊಲಿದು ಕೊಡುತ್ತೆ. ಲೆಗ್ರೇ ಕೈಯಲ್ಲಿ ಮಾಡಿದ್ದೂ ಇದೇ ಹೊಲಿಗೆ.

ರಾಬಿನ್ಸನ್‌ನ ಮೇಲೆ ತಿರುಗಿಬಿದ್ದವನು ಪೀಟರ್ ಹೆನ್ರಿ ಎಮರ್ಸನ್. ಓದಿದ್ದು ವೈದ್ಯಕೀಯ, ನಾಲಿಗೆ ಬಹಳ ಹರಿತ. ಹರಕು ತುಂಡುಗಳನ್ನ ಹೊಲಿದು ಕೌದಿ ಮಾಡೋದು ಕಲೆಯಲ್ಲ ಅನ್ನೋದು ಅವನ ನಿಲುವು. 1889ರಲ್ಲಿ ತಂದ ಪುಸ್ತಕದಲ್ಲಿ ಅವನು ಕಣ್ಣಿನಿಂದ ಶುರು ಮಾಡ್ತಾನೆ. ಮನುಷ್ಯನ ಕಣ್ಣು ನಡುವಿನ ಸಣ್ಣ ಭಾಗವನ್ನ ಮಾತ್ರ ಚೂಪಾಗಿ ನೋಡುತ್ತೆ, ಸುತ್ತಲಿನದು ಮಸುಕು. ಹಾಗಾದರೆ ಫೋಟೋ ಮೂಲೆಮೂಲೆಯೂ ಚೂಪಾಗಿರಬೇಕು ಅನ್ನೋದೇ ಅಸಹಜ. ಮುಖ್ಯ ವಸ್ತುವಿಗೆ ಫೋಕಸ್ ಕೊಡಿ, ಉಳಿದದ್ದು ಸ್ವಲ್ಪ ಸಡಿಲ ಇರಲಿ. ನೆಗೆಟಿವ್ ಮೇಲೆ ಬ್ರಷ್ ಆಡಿಸಬೇಡಿ. ಫೋಕಸ್ಸು, ಬೆಳಕು, ಡೆವಲಪ್ ಮಾಡುವಾಗ ಬಣ್ಣದ ಮಟ್ಟಗಳ ಮೇಲಿನ ಹಿಡಿತ, ಇಷ್ಟರಲ್ಲೇ ಕಲಾವಿದ ತನ್ನ ಮಾತು ಹೇಳಬಹುದು. ನನಗೆ ಇದು ರಾಬಿನ್ಸನ್‌ನದ್ದಕ್ಕಿಂತ ಗಟ್ಟಿ ಉತ್ತರ ಅನ್ನಿಸುತ್ತೆ. ಆದರೆ ಎರಡೇ ವರ್ಷದಲ್ಲಿ ಎಮರ್ಸನ್ ತಾನೇ ಅದನ್ನ ಕೈಬಿಟ್ಟ. ಬಿಡಿಸಿದವರು ಇಬ್ಬರು ನಮ್ಮಂಥ ತಾಂತ್ರಿಕ ಜನ.

ಫರ್ಡಿನಂಡ್ ಹರ್ಟರ್ ಕೆಮಿಸ್ಟ್, ವೀರೋ ಡ್ರಿಫೀಲ್ಡ್ ಇಂಜಿನಿಯರ್. ಇಬ್ಬರೂ ಇಂಗ್ಲೆಂಡಿನ ವಿಡ್ನೆಸ್‌ನ ಕ್ಷಾರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ಫೋಟೋ ಅವರ ಹವ್ಯಾಸ. ಅಂದಾಜಿನ ಮೇಲೆ ಫೋಟೋ ತೆಗೆಯೋದು ಬೇಜಾರಾಗಿ, ಅಳೆದು ನೋಡೋಣ ಅಂತ ಕೂತರು. ಗಾಜಿನ ಪ್ಲೇಟಿಗೆ ಒಂದು ಪಾಲು, ಎರಡು ಪಾಲು, ನಾಲ್ಕು ಪಾಲು ಹೀಗೆ ದುಪ್ಪಟ್ಟಾಗ್ತಾ ಹೋಗೋ ಬೆಳಕು ತೋರಿಸಿ, ಡೆವಲಪ್ ಮಾಡಿ, ಪ್ರತಿ ಪಟ್ಟಿ ಎಷ್ಟು ಕಪ್ಪಾಯಿತು ಅಂತ ಅಳೆದು ಗೆರೆ ಎಳೆದರು. ಕೆಳಗೆ ಸ್ವಲ್ಪ ಮಲಗಿ, ನಡುವೆ ನೇರ ಏರಿ, ಮೇಲೆ ಮತ್ತೆ ಮಲಗೋ ಎಸ್ ಆಕಾರದ ಗೆರೆ. ಫೋಟೋ ಎಡಿಟ್ ಮಾಡುವಾಗ ಕರ್ವ್ಸ್ ಅಂತ ಎಳೀತೀವಲ್ಲ, ಅದರ ಅಜ್ಜ ಇದು. 1890ರಲ್ಲಿ ಪ್ರಕಟಿಸಿದ ಅವರ ತೀರ್ಮಾನ ಏನಂದ್ರೆ, ಪ್ಲೇಟಿಗೆ ಬೆಳಕು ಬಿದ್ದ ಕ್ಷಣದಲ್ಲೇ ಯಾವ ಭಾಗ ಯಾವುದಕ್ಕಿಂತ ಎಷ್ಟು ಪಾಲು ಕಪ್ಪು ಅನ್ನೋದು ನಿರ್ಧಾರವಾಗಿಬಿಡುತ್ತೆ. ಹೆಚ್ಚು ಹೊತ್ತು ಡೆವಲಪ್ ಮಾಡಿದರೆ ಎಲ್ಲವೂ ಅದೇ ಪ್ರಮಾಣದಲ್ಲಿ ಏರುತ್ತೆ, ಅಷ್ಟೇ. ಒಂದು ಮೂಲೆಯನ್ನ ಮೇಲೆತ್ತಿ ಇನ್ನೊಂದನ್ನ ಅದುಮಿಡೋಕೆ ಬರೋದಿಲ್ಲ.

ಎಮರ್ಸನ್‌ಗೆ ಕಾಲಕೆಳಗಿನ ನೆಲ ಕುಸಿದ ಹಾಗಾಯಿತು. ಡಾರ್ಕ್‌ರೂಮಿನಲ್ಲಿ ತನ್ನ ಕೈ ಬಣ್ಣದ ಮಟ್ಟ ಬದಲಿಸುತ್ತೆ ಅನ್ನೋ ನಂಬಿಕೆ ಮೇಲೇ ಅವನ ವಾದ ನಿಂತಿತ್ತು. ಅಲ್ಲಿ ಸ್ವಾತಂತ್ರ್ಯ ಇಲ್ಲ, ಇರೋದು ರಸಾಯನದ ಲೆಕ್ಕ ಅಂದ್ರೆ ಕಲೆ ಎಲ್ಲಿ ಉಳೀತು? ತನ್ನ ಸಿದ್ಧಾಂತ ಸತ್ತಿತು ಅಂತ ಸಾರುವ ಕಿರುಪುಸ್ತಕ ಅಚ್ಚು ಹಾಕಿಸಿದ. ಸಾವಿನ ಕಾಗದಕ್ಕೆ ಹಾಕೋ ಥರ ಕಪ್ಪು ಅಂಚು ಬೇರೆ. ಪ್ರಾಮಾಣಿಕ ಮನುಷ್ಯ, ಆದರೆ ದುಡುಕಿದ ಅಂತ ನನಗನ್ನಿಸುತ್ತೆ. ಗ್ರಾಫು ಹೇಳಿದ್ದು ಪ್ಲೇಟಿನ ವಿಷಯ. ಕ್ಯಾಮೆರಾ ಎಲ್ಲಿ ಇಡಬೇಕು, ಯಾವ ಹೊತ್ತಿಗೆ ಕಾಯಬೇಕು ಅನ್ನೋದನ್ನ ಯಾವ ಗ್ರಾಫೂ ನಿರ್ಧರಿಸಿರಲಿಲ್ಲ. ಪ್ಯಾರಿಸ್ಸಿನ ಜಡ್ಜುಗಳು ಇದನ್ನ ಮೂವತ್ತು ವರ್ಷ ಮೊದಲೇ ಹೇಳಿದ್ದರು.

ಉಳಿದ ಪಿಕ್ಟೋರಿಯಲಿಸ್ಟರು ಗ್ರಾಫಿಗೆ ಬಗ್ಗಲಿಲ್ಲ. ಪ್ಲೇಟಿನ ಮೇಲೆ ಹಿಡಿತ ಇಲ್ಲದಿದ್ದರೆ ಪ್ರಿಂಟಿನ ಮೇಲೆ ಹಿಡಿತ ಸಾಧಿಸೋಣ ಅಂದ್ರು. 1892ರಲ್ಲಿ ಲಂಡನ್ನಿನಲ್ಲಿ ಲಿಂಕ್ಡ್ ರಿಂಗ್ ಅನ್ನೋ ಕೂಟ ಕಟ್ಟಿಕೊಂಡು ಕಲಾಪ್ರದರ್ಶನದ ಮಾದರಿಯಲ್ಲೇ ತಮ್ಮ ಸಲೂನ್ ಶುರು ಮಾಡಿದರು. ರಾಬಿನ್ಸನ್ನೂ ಅದರಲ್ಲಿದ್ದ. ಪ್ಯಾರಿಸ್‌ನಲ್ಲಿ ರಾಬರ್ಟ್ ದಮಾಶಿ ಗಮ್ ಪ್ರಿಂಟ್ ಅನ್ನೋ ವಿಧಾನಕ್ಕೆ ಮತ್ತೆ ಜೀವ ಕೊಟ್ಟ. ಇದನ್ನ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಅವರ ಉತ್ತರ ಇರೋದು ಇದರ ಒಳಗೇ.

ಜಾಲಿ ಜಾತಿಯ ಮರದ ಅಂಟು ಗೊತ್ತಲ್ಲ, ಹಳ್ಳಿಯಲ್ಲಿ ನಾವು ಪುಸ್ತಕ ಅಂಟಿಸೋಕೆ ನೀರಲ್ಲಿ ನೆನೆಹಾಕ್ತಿದ್ದದ್ದು. ಅದರ ಗಟ್ಟಿ ದ್ರಾವಣಕ್ಕೆ ಚಿತ್ರಕಾರರ ಬಣ್ಣದ ಪುಡಿ ಕಲಸಬೇಕು, ಜೊತೆಗೆ ಪೊಟ್ಯಾಸಿಯಂ ಬೈಕ್ರೋಮೇಟ್. (ಇದು ವಿಷ, ಮನೆಯಲ್ಲಿ ಆಟ ಆಡೋ ವಸ್ತು ಅಲ್ಲ.) ಬ್ರಷ್ಷಿನಿಂದ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಇಡಬೇಕು. ಬೆಳಕು ಬಿದ್ದ ಕಡೆ ಅಂಟು ಗಡುಸಾಗಿ ನೀರಿಗೆ ಕರಗೋದಿಲ್ಲ, ಬೀಳದ ಕಡೆ ಮೆತ್ತಗೇ ಇರುತ್ತೆ. ಆಮೇಲೆ ಕಾಗದವನ್ನ ನೀರಿನಲ್ಲಿ ಮುಖ ಕೆಳಗೆ ಮಾಡಿ ತೇಲಿಬಿಟ್ಟರೆ, ಮೆತ್ತಗಿನ ಅಂಟು ಬಣ್ಣ ಸಮೇತ ನಿಧಾನಕ್ಕೆ ಕಳಚಿಕೊಳ್ಳುತ್ತೆ. ಉಳಿದದ್ದು ಚಿತ್ರ. ಒದ್ದೆ ಇರುವಾಗಲೇ ಬ್ರಷ್ಷೋ ನೀರಿನ ಸಣ್ಣ ಧಾರೆಯೋ ಬಳಸಿ, ಇಲ್ಲಿ ಬೆಳಕು ಬೇಕು ಅಂದ್ರೆ ತೊಳೆಯಬಹುದು, ಬೇಡದ ವಿವರ ಅಳಿಸಬಹುದು. ಬಿಸಿಲು ಹೆಚ್ಚಾದರೆ ಪೂರ್ತಿ ಪದರ ಗಡುಸಾಗಿ ಏನೂ ಕಳಚೋದಿಲ್ಲ. ಬಣ್ಣ ಹೆಚ್ಚಾದರೆ ಬಿಳಿ ಇರಬೇಕಾದ ಕಡೆಯೂ ಕಲೆ. ಒಂದೇ ಪದರದಲ್ಲಿ ಗಾಢ ಕಪ್ಪೂ ನವುರು ಬೂದೂ ಎರಡೂ ಸಿಗೋದಿಲ್ಲ, ಅದಕ್ಕೆ ಎರಡು ಮೂರು ಸಲ ಬಳಿದು ಪ್ರಿಂಟ್ ಹಾಕಬೇಕು. ಪ್ರತಿ ಸಲ ನೆಗೆಟಿವ್ ಕೂದಲೆಳೆ ಸರಿಯದೆ ಅದೇ ಜಾಗಕ್ಕೆ ಕೂರಬೇಕು. ಹೀಗೆ ಪದರದ ಮೇಲೆ ಪದರ ಹಾಕಿ ಎಡ್ವರ್ಡ್ ಸ್ಟೈಕನ್ 1904ರಲ್ಲಿ ಮಾಡಿದ ಬೆಳದಿಂಗಳ ಕೊಳದ ಚಿತ್ರದ ಒಂದು ಪ್ರತಿ 2006ರಲ್ಲಿ ಸುಮಾರು 29 ಲಕ್ಷ ಡಾಲರ್‌ಗೆ ಹರಾಜಾಯಿತು.

ಹೀಗೆ ಮಾಡಿದ ಎರಡು ಪ್ರಿಂಟು ಒಂದೇ ಥರ ಬರೋದಿಲ್ಲ. ಅದೇ ಅವರಿಗೆ ಬೇಕಾಗಿದ್ದದ್ದು. ಯಂತ್ರ ಸಾವಿರ ನಕಲು ಕೊಡುತ್ತೆ ಅಂತೀರಲ್ಲ, ನೋಡಿ, ನಮ್ಮದು ಒಂದೇ ಪ್ರತಿ. ಬ್ರಷ್ಷಿನ ಗುರುತು ಕಣ್ಣಿಗೆ ಕಾಣ್ತಿದೆ, ಯಂತ್ರ ಅಂತ ಹೇಗೆ ಅಂತೀರಿ? ವಾದ ಚೆನ್ನಾಗಿದೆ. ತೊಂದರೆ ಏನಂದ್ರೆ, ಕೈ ಇದ್ದರೆ ಮಾತ್ರ ಕಲೆ ಅನ್ನೋ ಎದುರಾಳಿಯ ಮಾತನ್ನ ಇವರು ಒಪ್ಪಿಕೊಂಡೇ ವಾದಕ್ಕಿಳಿದಿದ್ದರು. ಚಿತ್ರಕಲೆ ಥರ ಕಾಣಿಸಿ ಗೆಲ್ಲೋಕೆ ಹೊರಟ ಫೋಟೋ ಎಷ್ಟು ಗೆದ್ದರೂ ಎರಡನೇ ದರ್ಜೆಯ ಚಿತ್ರಕಲೆಯಾಗಿಯೇ ಗೆಲ್ಲಬೇಕು. ಅದೇ 1904ರಲ್ಲಿ ಅಮೆರಿಕದ ವಿಮರ್ಶಕ ಸಾದಾಕಿಚಿ ಹಾರ್ಟ್‌ಮನ್, ಕೆರೆಯೋದು ತೊಳೆಯೋದು ಬಿಟ್ಟು ನೇರವಾಗಿ ಫೋಟೋ ತೆಗೆಯಿರಿ ಅಂತ ಬರೆದ. ಮುಂದಿನ ಪೀಳಿಗೆ ಅವನ ಮಾತು ಕೇಳಿತು.

ಪಿಕ್ಟೋರಿಯಲ್ ಅನ್ನೋ ಪದ ಮಾತ್ರ ಸಾಯಲಿಲ್ಲ, ಸಲೂನ್ ಅನ್ನೋದೂ ಅಷ್ಟೇ. ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ನಮ್ಮ ಬೆಂಗಳೂರಿನ ಕೂಟಗಳಲ್ಲಿ ಇವತ್ತಿಗೂ ಸ್ಪರ್ಧೆಗೆ ಸಲೂನ್ ಅಂತಲೇ ಹೆಸರು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅಂಥವರಿಂದ ಕಾಡುಪ್ರಾಣಿಗಳ ಫೋಟೋಗ್ರಫಿ ಇಲ್ಲಿ ಬಲವಾಗಿ ಬೆಳೆದದ್ದರಿಂದ ನೇಚರ್ ವಿಭಾಗಕ್ಕೆ ಒಂದು ತೂಕ ಜಾಸ್ತಿ. ಅಂತರರಾಷ್ಟ್ರೀಯ ಸಂಸ್ಥೆಗಳು 2015ರಿಂದ ಈ ವಿಭಾಗಕ್ಕೆ ಒಂದೇ ವ್ಯಾಖ್ಯಾನ ಇಟ್ಟುಕೊಂಡಿವೆ. ಕ್ರಾಪ್ ಮಾಡಬಹುದು, ಚಿತ್ರದಲ್ಲಿ ಇರೋದನ್ನ ತೆಗೆಯೋದು, ಇಲ್ಲದ್ದನ್ನ ಸೇರಿಸೋದು, ಜಾಗ ಬದಲಿಸೋದು ಕೂಡದು. ಓಪನ್ ವಿಭಾಗದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ರಾಬಿನ್ಸನ್, ಎಮರ್ಸನ್ ಇಬ್ಬರಿಗೂ ಬೇರೆ ಬೇರೆ ಕೋಣೆ ಮಾಡಿಕೊಟ್ಟು ಜಗಳ ಬಿಡಿಸಿದ ಹಾಗೆ.

ಟ್ರೈಪ್‌ಗೆ ಎರಡರಲ್ಲಿ ಯಾವ ಕೋಣೆ ಸಿಗ್ತಿತ್ತೋ. ಅವನ ಕಾಲದಲ್ಲಿ ಆ ಪ್ರಶ್ನೆ ಬರಲೇ ಇಲ್ಲ. 1859ರಲ್ಲಿ ಮದರಾಸಿಗೆ ಹೊಸ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚಿನ ಪಟ್ಟಿ ನೋಡಿ, ಈಗಿನ ಹಣಕಾಸಿನ ಸ್ಥಿತಿಯಲ್ಲಿ ಫೋಟೋಗ್ರಫಿ ದೊಡ್ಡ ಐಷಾರಾಮ ಅಂತ ಇಡೀ ಕೆಲಸವನ್ನೇ ನಿಲ್ಲಿಸಿಬಿಟ್ಟ. ಕಲೆಯೋ ದಾಖಲೆಯೋ, ಬಜೆಟ್ಟಿನಲ್ಲಿ ಎರಡಕ್ಕೂ ಒಂದೇ ಸಾಲು.